ಇಪ್ಪತ್ತು ರೂಪಾಯಿ ಎಲ್ಲಿಂದ ಬಂತು? – ಕೊಂಕಿದ ಬೇಡಿಕೆ ರೇಖೆಯ ಎರಡು ಪಾಠಗಳು

ಕೆಲವೇ ಸಂಸ್ಥೆಗಳು ಇಡೀ ಮಾರುಕಟ್ಟೆಯನ್ನು ತಮ್ಮೊಳಗೆ ಹಂಚಿಕೊಂಡಿರುವ ಸ್ಥಿತಿಗೆ ಅಲ್ಪಸ್ವಾಮ್ಯ ಎಂದು ಹೆಸರು. ಇಂಥ ಮಾರುಕಟ್ಟೆಯಲ್ಲಿ ಕಚ್ಚಾವಸ್ತುವಿನ ಬೆಲೆ ಏರಲಿ, ಇಳಿಯಲಿ, ಸರಕಿನ ಬೆಲೆ ಮಾತ್ರ ಬಹುಕಾಲ ಕದಲದೆ ನಿಂತಿರುವುದುಂಟು. ಇದಕ್ಕೆ ಬೆಲೆ ಬಿಗಿತ ಎನ್ನೋಣ. ಅದನ್ನು ವಿವರಿಸಲು ಅರ್ಥಶಾಸ್ತ್ರದ ತರಗತಿಗಳಲ್ಲಿ ಬರೆಯುವ ಚಿತ್ರವೇ ಕೊಂಕಿದ ಬೇಡಿಕೆ ರೇಖೆ. ಬೇಡಿಕೆ ರೇಖೆ ಮೇಲಿನಿಂದ ನಿಧಾನವಾಗಿ ಇಳಿದು ಒಂದು ಬಿಂದುವಿನಲ್ಲಿ ಥಟ್ಟನೆ ಕಡಿದಾಗಿ ಬಾಗುತ್ತದೆ. ಆ ಬಾಗಿದ ಮೂಲೆಯ ಎದುರಿಗೆ ಇರುವುದೇ ಚಾಲ್ತಿಯ ಬೆಲೆ.

ಅಧ್ಯಾಪನ ಅಭ್ಯಾಸದಲ್ಲಿ ನನಗೆ ಪದವಿಪೂರ್ವ ಎರಡನೇ ವರ್ಷದ ಅರ್ಥಶಾಸ್ತ್ರದ ತರಗತಿ ಸಿಕ್ಕಿತ್ತು. ಈ ವಿಷಯಕ್ಕೆ ಎರಡು ಅವಧಿಗಳು. ಬಿ.ಎಸ್‌ಸಿ.ಯಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಓದಿದವಳಾದ್ದರಿಂದ ಈ ಚಿತ್ರ ನನಗೆ ಹಳೆಯ ಪರಿಚಯ. ಆದರೆ ಪಾಠಯೋಜನೆ ಬರೆಯುವಾಗ ಒಂದು ವಿಷಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರಿಗೂ ನನಗೂ ಭಿನ್ನಾಭಿಪ್ರಾಯ ಬಂತು. ಚಿತ್ರವನ್ನೂ ಬೆಲೆ ಬಿಗಿತದ ವಿವರಣೆಯನ್ನೂ ಎರಡು ಅವಧಿಗಳಲ್ಲಿ ಗಟ್ಟಿ ಮಾಡಿಸಿ, ಟೀಕೆಗಳನ್ನು ಕೊನೆಯ ಐದು ನಿಮಿಷದಲ್ಲಿ ನಾಲ್ಕು ಸಾಲಾಗಿ ಬರೆಸಿದರೆ ಸಾಕು ಎಂಬುದು ಅವರ ಅಭಿಪ್ರಾಯ. "ಪರೀಕ್ಷೆಯಲ್ಲಿ ಅಂಕ ಬರೋದು ಚಿತ್ರಕ್ಕೇ ನೋಡಮ್ಮ, ಟೀಕೆ ಬರೆಯದಿದ್ದರೂ ಅರ್ಧಕ್ಕಿಂತ ಹೆಚ್ಚು ಅಂಕ ಬರುತ್ತೆ," ಎಂದರು. ಅವರ ಮಾತಿನಲ್ಲಿ ಅನುಭವವಿತ್ತು. ಆದರೆ ಟೀಕೆಗಳನ್ನು ಬಿಟ್ಟರೆ ಈ ಮಾದರಿ ಏನನ್ನು ವಿವರಿಸುತ್ತದೆ, ಏನನ್ನು ವಿವರಿಸುವುದಿಲ್ಲ ಎಂಬುದೇ ಮಕ್ಕಳಿಗೆ ತಿಳಿಯದೆ ಹೋಗುತ್ತದೆ ಎಂದು ನನಗನ್ನಿಸಿತ್ತು. ಮೊದಲ ಅವಧಿಯಲ್ಲಿ ಮಾದರಿ, ಎರಡನೆಯದರಲ್ಲಿ ಅದರ ಪರೀಕ್ಷೆ ಎಂದು ಯೋಜನೆ ಬರೆದು ಅವರ ಮುಂದಿಟ್ಟೆ. "ಮಾಡಿ ನೋಡಿ, ಕಿರುಪರೀಕ್ಷೆ ನಾನೇ ಕೊಡ್ತೀನಿ," ಎಂದು ಸಹಿ ಹಾಕಿದರು. ಆ ಎರಡು ಅವಧಿಗಳಲ್ಲಿ ವಿಷಯ ಹೇಗೆ ಬಿಚ್ಚಿಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಅವಧಿಯನ್ನು ಚಿತ್ರದಿಂದ ಆರಂಭಿಸಲಿಲ್ಲ. ಒಂದು ಪ್ರಶ್ನೆ ಕೇಳಿದೆ: ನಿಮ್ಮ ಪ್ರತಿಸ್ಪರ್ಧಿ ಬೆಲೆ ಇಳಿಸಿದರೆ ನೀವೇನು ಮಾಡುತ್ತೀರಿ? ಏರಿಸಿದರೆ ಏನು ಮಾಡುತ್ತೀರಿ? ತಂದೆಯ ಕಿರಾಣಿ ಅಂಗಡಿಯಲ್ಲಿ ಸಂಜೆ ಹೊತ್ತು ಕೂರುವ ಹುಡುಗನೊಬ್ಬ ಕೂಡಲೇ ಹೇಳಿದ: "ಎದುರಿನ ಅಂಗಡಿಯವರು ಇಳಿಸಿದ್ರೆ ನಾವೂ ಇಳಿಸ್ಲೇಬೇಕು ಮೇಡಂ, ಇಲ್ಲಾಂದ್ರೆ ಗಿರಾಕಿ ಹೋಗ್ತಾರೆ. ಏರಿಸಿದ್ರೆ ನಾವು ಸುಮ್ಮನಿರ್ತೀವಿ, ಅವರ ಗಿರಾಕಿ ನಮ್ಮ ಕಡೆ ಬರ್ತಾರೆ." ಎರಡು ಅಂಗಡಿಗಳ ಬೀದಿಯನ್ನು ದೊಡ್ಡ ಕಂಪನಿಗಳ ಅಲ್ಪಸ್ವಾಮ್ಯಕ್ಕೆ ಹಾಗೇ ಹೋಲಿಸಲಾಗದು. ಆದರೂ ಈ ಉತ್ತರದಲ್ಲಿ ಮಾದರಿಯ ಮುಖ್ಯ ಊಹೆ ಪೂರ್ತಿಯಾಗಿ ಬಂದಿತ್ತು. ಇಳಿಕೆಯನ್ನು ಎಲ್ಲರೂ ಹಿಂಬಾಲಿಸುತ್ತಾರೆ, ಏರಿಕೆಯನ್ನು ಯಾರೂ ಹಿಂಬಾಲಿಸುವುದಿಲ್ಲ. ಉಳಿದದ್ದೆಲ್ಲ ಇದರಿಂದ ಹುಟ್ಟುವ ಲೆಕ್ಕ.

ಆ ಲೆಕ್ಕಕ್ಕೆ ನಾನೇ ಅಂಕಿಗಳನ್ನು ಮಾಡಿಕೊಂಡಿದ್ದೆ. ಒಂದು ಸಂಸ್ಥೆ ಈಗ 20 ರೂಪಾಯಿಗೆ ದಿನಕ್ಕೆ 100 ಪೊಟ್ಟಣ ಮಾರುತ್ತಿದೆ. ಬೆಲೆಯನ್ನು 20.50ಕ್ಕೆ ಏರಿಸಿದರೆ ಉಳಿದವರು ಸುಮ್ಮನಿರುತ್ತಾರೆ. ಗಿರಾಕಿಗಳು ಅತ್ತ ಸರಿದು ಮಾರಾಟ 90ಕ್ಕೆ ಇಳಿಯುತ್ತದೆ. ಅಂದರೆ ಹತ್ತು ಪೊಟ್ಟಣ ಕಳೆದುಕೊಳ್ಳಲು ಐವತ್ತು ಪೈಸೆಯ ಏರಿಕೆ ಸಾಕು. ಅದೇ ಹತ್ತು ಪೊಟ್ಟಣ ಹೆಚ್ಚು ಮಾರಬೇಕಾದರೆ ಬೆಲೆಯನ್ನು 18.50ಕ್ಕೆ ಇಳಿಸಬೇಕು. ಏಕೆಂದರೆ ಈ ಸಂಸ್ಥೆ ಇಳಿಸಿದ ಕೂಡಲೇ ಉಳಿದವರೂ ಇಳಿಸುತ್ತಾರೆ, ಯಾರ ಗಿರಾಕಿಯೂ ಇತ್ತ ಬರುವುದಿಲ್ಲ. ಅಗ್ಗವಾಯಿತೆಂದು ಜನ ಒಟ್ಟಾರೆ ಸ್ವಲ್ಪ ಹೆಚ್ಚು ಕೊಳ್ಳುವುದರಲ್ಲಿ ತನ್ನ ಪಾಲಷ್ಟೇ ಸಿಗುತ್ತದೆ.

ಮೂರೂ ಸ್ಥಿತಿಗಳಲ್ಲಿ ಒಟ್ಟು ಆದಾಯ ಎಷ್ಟು ಎಂದು ಮಕ್ಕಳೇ ಗುಣಿಸಿದರು. 90 ಪೊಟ್ಟಣಕ್ಕೆ 1845 ರೂಪಾಯಿ, 100ಕ್ಕೆ 2000, 110ಕ್ಕೆ 2035. ಈಗ ಅಂತರವನ್ನು ನೋಡಿ. ತೊಂಬತ್ತರಿಂದ ನೂರಕ್ಕೆ ಹೋದಾಗ ಬಂದ ಹೆಚ್ಚುವರಿ ಆದಾಯ 155. ನೂರರಿಂದ ನೂರಹತ್ತಕ್ಕೆ ಹೋದಾಗ ಬಂದದ್ದು ಬರೀ 35. ಸಮನಾದ ಎರಡು ಹೆಜ್ಜೆಗಳ ನಡುವೆ ಆದಾಯ ಹೀಗೆ ಕುಸಿಯುವುದೇ ಈ ಮಾದರಿಯ ಹೃದಯ. ರೇಖೆ ಬರೆಯುವ ಮೊದಲೇ ಅದು ಮಕ್ಕಳ ನೋಟುಪುಸ್ತಕದಲ್ಲಿತ್ತು.

ಮುಂದೆ ವೆಚ್ಚದ ಪ್ರಶ್ನೆ. ಒಂದು ಪೊಟ್ಟಣ ತಯಾರಿಸಲು 10 ರೂಪಾಯಿ ಬೀಳುತ್ತದೆ ಎನ್ನೋಣ. ವೆಚ್ಚ ಕಳೆದು ಉಳಿಯುವ ಹಣ 90 ಪೊಟ್ಟಣದಲ್ಲಿ 945, ನೂರರಲ್ಲಿ 1000, ನೂರಹತ್ತರಲ್ಲಿ 935. ಹಾಗಾಗಿ ನೂರೇ ಲೇಸು. ವೆಚ್ಚ 14ಕ್ಕೆ ಏರಿತು ಎನ್ನಿ. ಆಗ 585, 600, 495. ಲಾಭ ಕುಗ್ಗಿದೆ, ಆದರೂ ನೂರೇ ಲೇಸು. ವೆಚ್ಚ 6ಕ್ಕೆ ಇಳಿದರೆ 1305, 1400, 1375. ಈಗಲೂ ನೂರೇ. ತರಗತಿಯಲ್ಲಿ ಗುಸುಗುಸು ಶುರುವಾದದ್ದು ಇಲ್ಲಿ. ವೆಚ್ಚ ಆರರಿಂದ ಹದಿನಾಲ್ಕಕ್ಕೆ, ಎರಡು ಪಟ್ಟಿಗಿಂತ ಹೆಚ್ಚು ಏರಿದರೂ ಸಂಸ್ಥೆಗೆ ಬೆಲೆ ಬದಲಿಸುವ ಕಾರಣವಿಲ್ಲ! ವೆಚ್ಚ 16 ಆದರೆ? ಮುಂದಿನ ಬೆಂಚಿನ ಹುಡುಗಿ ಲೆಕ್ಕ ಹಾಕಿ ಹೇಳಿದಳು: ತೊಂಬತ್ತರಲ್ಲಿ 405, ನೂರರಲ್ಲಿ 400. ಈಗ ಬೆಲೆ ಏರುತ್ತದೆ. ಬಿಗಿತಕ್ಕೂ ಒಂದು ಮಿತಿಯಿದೆ ಎಂದು ಆ ಒಂದು ಲೆಕ್ಕದಿಂದ ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಚಿತ್ರ ಬರೆದೆ. ಮೇಲಿನ ಭಾಗದ ಸಮೀಕರಣ P = 25 − 0.05Q, ಕೆಳಗಿನದು P = 35 − 0.15Q. ಎರಡೂ Q = 100ರಲ್ಲಿ P = 20 ಎಂಬ ಬಿಂದುವಿನಲ್ಲಿ ಕೂಡುತ್ತವೆ. ಇಲ್ಲಿ ನನ್ನ ಗಣಿತ ಉಪಯೋಗಕ್ಕೆ ಬಂತು. ರೇಖೆ ಎಲ್ಲಿಯೂ ಕಡಿದಿಲ್ಲ, ಆದರೆ ಅದಕ್ಕೊಂದು ಮೂಲೆಯಿದೆ. |x| ಎಂಬ ಫಲನದ ನಕ್ಷೆ ಸೊನ್ನೆಯ ಹತ್ತಿರ ಹೇಗೆ ಚೂಪಾಗಿರುತ್ತದೋ ಹಾಗೆ. ಅಲ್ಲಿ ಎಡಗಡೆಯ ಇಳಿಜಾರು ಒಂದು, ಬಲಗಡೆಯದು ಇನ್ನೊಂದು. ಸೀಮಾಂತ ಆದಾಯ ಇಳಿಜಾರನ್ನು ಅವಲಂಬಿಸಿರುವುದರಿಂದ ಆ ಬಿಂದುವಿನಲ್ಲಿ ಅದಕ್ಕೂ ಎರಡು ಬೆಲೆಗಳು. ಎಡಗಡೆಯಿಂದ 25 − 0.1Q, ಅಂದರೆ 15. ಬಲಗಡೆಯಿಂದ 35 − 0.3Q, ಅಂದರೆ 5. ಹದಿನೈದರಿಂದ ಐದರವರೆಗೆ ಲಂಬವಾದ ಒಂದು ಬಿರುಕು. ಸೀಮಾಂತ ವೆಚ್ಚದ ರೇಖೆ ಈ ಬಿರುಕಿನೊಳಗೆ ಎಲ್ಲಿ ಹಾದುಹೋದರೂ ಸಂಸ್ಥೆ 20 ರೂಪಾಯಿಯಲ್ಲೇ ನಿಲ್ಲುತ್ತದೆ. ವೆಚ್ಚ 16 ಆದಾಗ ಬೆಲೆ ಕದಲಿದ್ದು ಏಕೆ ಎಂಬುದೂ ಈಗ ಚಿತ್ರದಲ್ಲಿ ಕಾಣುತ್ತದೆ. ಅದು ಬಿರುಕಿನ ಮೇಲಿನ ಅಂಚನ್ನು ದಾಟಿದೆ. ಬಿರುಕು ಎಷ್ಟು ಉದ್ದ ಎಂಬುದು ಎರಡು ಭಾಗಗಳ ಸ್ಥಿತಿಸ್ಥಾಪಕತ್ವದ ಅಂತರದ ಮೇಲೆ ನಿಂತಿದೆ. ನಮ್ಮ ಉದಾಹರಣೆಯಲ್ಲಿ ಆ ಬಿಂದುವಿನ ಹತ್ತಿರ ಮೇಲಿನ ಭಾಗದ್ದು 4, ಕೆಳಗಿನದು ಸುಮಾರು 1.33. ಎರಡೂ ಸಮವಾದರೆ ಮೂಲೆಯೂ ಇಲ್ಲ, ಬಿರುಕೂ ಇಲ್ಲ.

ಮೊದಲ ಅವಧಿ ಇಲ್ಲಿಗೆ ಮುಗಿಯಬೇಕಿತ್ತು. ಗಂಟೆ ಬಾರಿಸಲು ಇನ್ನೂ ಕೆಲವು ನಿಮಿಷವಿತ್ತು. ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಮೇಡಂ, ಇಪ್ಪತ್ತು ರೂಪಾಯಿ ಎಲ್ಲಿಂದ ಬಂತು?"

ಅದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು, ಅದೇ ಪ್ರಶ್ನೆಯನ್ನು ಮನೆಗೆ ಕೆಲಸವಾಗಿ ಕೊಟ್ಟೆ. ಅಂದಿನ ಸಮೀಕರಣಗಳನ್ನಷ್ಟೇ ಬಳಸಿ ಇಪ್ಪತ್ತನ್ನು ಕಂಡುಹಿಡಿಯಲು ಸಾಧ್ಯವೇ ನೋಡಿಕೊಂಡು ಬನ್ನಿ ಎಂದೆ. ಮರುದಿನ ಮೂವರು ಪ್ರಯತ್ನಿಸಿ ಬಂದಿದ್ದರು. ಮೂವರೂ ಎರಡು ಸಮೀಕರಣಗಳನ್ನು ಬಿಡಿಸಿ 20 ಎಂದು ತೋರಿಸಿದ್ದರು. ಆ ಸಮೀಕರಣಗಳನ್ನು ನಾನು ಬರೆದದ್ದು ಹೇಗೆ ಎಂದು ಕೇಳಿದಾಗ ಒಬ್ಬಳು ನಕ್ಕಳು: "ನೀವು ಇಪ್ಪತ್ತು ಬರೋ ಹಾಗೇ ಬರೆದಿದ್ದೀರಿ ಮೇಡಂ." ಸರಿಯಾದ ಮಾತು. ಚಾಲ್ತಿಯ ಬೆಲೆ 30 ಇದ್ದಿದ್ದರೆ ಮೂಲೆಯನ್ನು ಮೂವತ್ತರಲ್ಲಿ ಬರೆಯುತ್ತಿದ್ದೆ. ಆಗಲೂ ಅದೇ ವಾದ, ಅದೇ ಬಿರುಕು, ಅದೇ ತೀರ್ಮಾನ.

ಈ ಮಾದರಿಯ ಮೇಲಿನ ಮೊದಲ ಟೀಕೆ ಇದೇ. ಬೆಲೆ ಒಂದು ಕಡೆ ಬಂದು ನಿಂತ ಮೇಲೆ ಅಲ್ಲಿಂದ ಏಕೆ ಕದಲುವುದಿಲ್ಲ ಎಂದು ಅದು ಹೇಳುತ್ತದೆ. ಅಲ್ಲಿಗೇ ಏಕೆ ಬಂತು ಎಂದು ಹೇಳುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ವೆಚ್ಚ 16 ಆಗಿ ಬೆಲೆ 20.50ಕ್ಕೆ ಏರಿತಲ್ಲ, ಆಮೇಲೆ ಮೂಲೆ ಎಲ್ಲಿರುತ್ತದೆ? ಹಳೆಯ 20ರಲ್ಲೇ ಉಳಿಯುತ್ತದೆಯೋ, ಹೊಸ ಬೆಲೆಗೆ ಸರಿಯುತ್ತದೆಯೋ? ಮಾದರಿ ಉತ್ತರ ಕೊಡುವುದಿಲ್ಲ. ಬೆಲೆ ಎಲ್ಲಿ ನಿಂತಿತೋ ಅಲ್ಲಿ ಮೂಲೆ ಬರೆದುಕೊಳ್ಳುವುದಾದರೆ, ಯಾವ ಬೆಲೆ ಬಂದರೂ ಈ ಚಿತ್ರ ಹೊಂದುತ್ತದೆ. ಯಾವ ಬೆಲೆಗೂ ಹೊಂದುವ ವಿವರಣೆ ಬೆಲೆ ನಿರ್ಧಾರದ ಸಿದ್ಧಾಂತವಾಗಲಾರದು.

ಇತಿಹಾಸವನ್ನು ತಂದದ್ದು ಇಲ್ಲಿ. ಈ ಕಲ್ಪನೆ 1939ರಲ್ಲಿ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿತು. ಅಮೆರಿಕದಲ್ಲಿ ಪಾಲ್ ಸ್ವೀಜಿ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಮಂಡಿಸಿದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹಾಲ್ ಮತ್ತು ಹಿಚ್ 38 ಉದ್ಯಮಿಗಳನ್ನು ಸಂದರ್ಶಿಸಿ, ಬೆಲೆಯನ್ನು ಹೇಗೆ ಇಡುತ್ತೀರಿ ಎಂದು ಕೇಳಿದರು. ಸೀಮಾಂತ ಆದಾಯ, ಸೀಮಾಂತ ವೆಚ್ಚಗಳನ್ನು ಸರಿದೂಗಿಸುವ ಲೆಕ್ಕ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಸರಾಸರಿ ವೆಚ್ಚದ ಮೇಲೆ ಒಂದಿಷ್ಟು ಲಾಭ ಸೇರಿಸಿ ಬೆಲೆ ಇಡುವುದೇ ಬಳಕೆಯಲ್ಲಿತ್ತು. ಹಾಲ್ ಮತ್ತು ಹಿಚ್ ಕೊಂಕನ್ನು ಬಳಸಿದ್ದು ಹಾಗೆ ಇಟ್ಟ ಬೆಲೆ ಏಕೆ ಕದಲುವುದಿಲ್ಲ ಎಂದು ಹೇಳಲು. ಅಂದರೆ ಅವರ ಬಳಿ 'ಇಪ್ಪತ್ತು ಎಲ್ಲಿಂದ ಬಂತು' ಎಂಬುದಕ್ಕೆ ಬೇರೆಯದೇ ಉತ್ತರವಿತ್ತು. ಸ್ವೀಜಿಯವರೂ ಈ ರೇಖೆಯನ್ನು ಉದ್ಯಮಿಯ ಮನಸ್ಸಿನಲ್ಲಿರುವ ಕಲ್ಪಿತ ರೇಖೆ ಎಂದೇ ಕರೆದಿದ್ದರು. ಮಾರುಕಟ್ಟೆಯಲ್ಲಿ ಅಳೆದು ತೆಗೆದ ರೇಖೆ ಅದಲ್ಲ. ಇತರರು ಹೀಗೆ ಮಾಡಿಯಾರು ಎಂಬ ನಂಬಿಕೆಯ ಚಿತ್ರ ಅದು. ಈ ಮಾತು ಮಕ್ಕಳಿಗೆ ಮುಖ್ಯ. ನಂಬಿಕೆಯಾದರೆ ಅದು ನಿಜವೇ ಎಂದು ಪರೀಕ್ಷಿಸಬಹುದು.

1947ರಲ್ಲಿ ಜಾರ್ಜ್ ಸ್ಟಿಗ್ಲರ್ ಮಾಡಿದ್ದು ಅದನ್ನೇ. ಅಮೆರಿಕದ ಏಳು ಅಲ್ಪಸ್ವಾಮ್ಯ ಉದ್ಯಮಗಳ ಬೆಲೆಗಳ ದಾಖಲೆ ತೆಗೆದು, ಒಂದು ಸಂಸ್ಥೆ ಏರಿಸಿದಾಗ ಉಳಿದವರು ನಿಜವಾಗಿಯೂ ಸುಮ್ಮನಿದ್ದರೇ ಎಂದು ನೋಡಿದರು. ಏಳರಲ್ಲಿ ಸಿಗರೇಟು ಉದ್ಯಮವೂ ಒಂದು. ತರಗತಿಗೆ ನಾನು ಆರಿಸಿಕೊಂಡದ್ದು ಅದನ್ನು. ಏಕೆಂದರೆ ಆ ಕಂಪನಿಗಳ ಮೇಲೆ ಮೊಕದ್ದಮೆ ನಡೆದು, 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದರಿಂದ ದಿನಾಂಕ, ಬೆಲೆಗಳೆಲ್ಲ ತೀರ್ಪಿನಲ್ಲೇ ದಾಖಲಾಗಿವೆ.

1931ರಲ್ಲಿ ಆ ದೇಶದ ಸಿಗರೇಟು ಮಾರುಕಟ್ಟೆಯ ಸುಮಾರು ತೊಂಬತ್ತು ಭಾಗ ಮೂರು ಕಂಪನಿಗಳ ಕೈಯಲ್ಲಿತ್ತು. ರೆನಾಲ್ಡ್ಸ್‌ನದು ಕ್ಯಾಮೆಲ್, ಅಮೆರಿಕನ್ ಟೊಬ್ಯಾಕೊದ್ದು ಲಕ್ಕಿ ಸ್ಟ್ರೈಕ್, ಲಿಗೆಟ್ ಅಂಡ್ ಮೈಯರ್ಸ್‌ನದು ಚೆಸ್ಟರ್‌ಫೀಲ್ಡ್. ಅದು ಮಹಾ ಆರ್ಥಿಕ ಕುಸಿತದ ಕಾಲ. ತಂಬಾಕಿನ ಬೆಲೆ ಇಳಿದಿತ್ತು, ಜನರ ಕೈಯಲ್ಲಿ ಕಾಸಿರಲಿಲ್ಲ. ಅಂಥ ಹೊತ್ತಿನಲ್ಲಿ, 1931ರ ಜೂನ್ 23ರಂದು, ರೆನಾಲ್ಡ್ಸ್ ಮುನ್ಸೂಚನೆಯಿಲ್ಲದೆ ಸಾವಿರ ಸಿಗರೇಟಿನ ಬೆಲೆಯನ್ನು 6.40 ಡಾಲರಿನಿಂದ 6.85ಕ್ಕೆ ಏರಿಸಿತು. ಇಪ್ಪತ್ತರ ಪ್ಯಾಕಿಗೆ ಲೆಕ್ಕ ಹಾಕಿದರೆ ಒಂದು ಸೆಂಟಿಗೂ ಕಡಿಮೆ.

ಇಷ್ಟು ಹೇಳಿ ನಿಲ್ಲಿಸಿದೆ. ನಿನ್ನೆಯ ಮಾದರಿ ಸರಿಯಾದರೆ ಉಳಿದಿಬ್ಬರು ಏನು ಮಾಡಬೇಕು ಎಂದು ಪ್ರತಿಯೊಬ್ಬರೂ ಬರೆಯಲು ಹೇಳಿದೆ. ಸುಮ್ಮನಿರಬೇಕು, ಕ್ಯಾಮೆಲ್‌ನ ಗಿರಾಕಿಗಳನ್ನು ಸೆಳೆದುಕೊಳ್ಳಬೇಕು ಎಂದು ಹೆಚ್ಚಿನವರು ಬರೆದರು. ನಡೆದದ್ದು ಬೇರೆ. ಅದೇ ದಿನ ಉಳಿದೆರಡು ಕಂಪನಿಗಳೂ 6.85ಕ್ಕೆ ಏರಿಸಿದವು. ವೆಚ್ಚ ಏರಿದ್ದರಿಂದ ಹೀಗೆ ಮಾಡಿದರು ಎನ್ನಲೂ ಆಗದು, ವೆಚ್ಚ ಇಳಿದಿತ್ತು. ಮೂವರೂ ಒಟ್ಟಿಗೆ ಏರಿಸಿದರೆ ಮೂವರಿಗೂ ಲಾಭ ಎಂಬುದು ಮೂವರಿಗೂ ಗೊತ್ತಿತ್ತು. ಮಾದರಿಯ ಮೇಲಿನ ಭಾಗ, 'ಏರಿಕೆಯನ್ನು ಯಾರೂ ಹಿಂಬಾಲಿಸುವುದಿಲ್ಲ' ಎಂಬುದು, ಇಲ್ಲಿ ಬಿದ್ದುಹೋಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಗ ಪ್ಯಾಕಿಗೆ ಹತ್ತು ಸೆಂಟಿನ ಅಗ್ಗದ ಸಿಗರೇಟುಗಳಿದ್ದವು. 1931ರ ಜೂನ್‌ನಲ್ಲಿ ಮಾರುಕಟ್ಟೆಯಲ್ಲಿ ಅವುಗಳ ಪಾಲು ಶೇಕಡ ಒಂದರಷ್ಟೂ ಇರಲಿಲ್ಲ. ಮೂವರು ದೊಡ್ಡವರು ಏರಿಸಿದರು, ಅಗ್ಗದವರು ಏರಿಸಲಿಲ್ಲ. 1932ರ ನವೆಂಬರ್ ಹೊತ್ತಿಗೆ ಅವರ ಪಾಲು ಶೇಕಡ 22ನ್ನು ದಾಟಿತ್ತು. ಆಗ ದೊಡ್ಡವರು ಎಚ್ಚೆತ್ತರು. 1933ರ ಜನವರಿಯಲ್ಲಿ ಅಮೆರಿಕನ್ ಟೊಬ್ಯಾಕೊ ಬೆಲೆಯನ್ನು 6 ಡಾಲರಿಗೆ, ಫೆಬ್ರುವರಿಯಲ್ಲಿ 5.50ಕ್ಕೆ ಇಳಿಸಿತು. ಎರಡು ಸಲವೂ ಉಳಿದಿಬ್ಬರು ಹಿಂಬಾಲಿಸಿದರು. ಅದೇ ವರ್ಷದ ಮೇ ತಿಂಗಳಿಗೆ ಅಗ್ಗದ ಸಿಗರೇಟುಗಳ ಪಾಲು ಶೇಕಡ ಆರೂವರೆಯ ಆಸುಪಾಸಿಗೆ ಕುಸಿಯಿತು. 1934ರ ಜನವರಿಯಲ್ಲಿ ಬೆಲೆ ಮತ್ತೆ 6.10ಕ್ಕೆ ಏರಿತು, ಆಗಲೂ ಮೂವರೂ ಒಟ್ಟಿಗೇ.

ಮಕ್ಕಳಿಗೆ ಹಲಗೆಯ ಮೇಲೆ ಎರಡು ಕಂಬ ಹಾಕಿಸಿದೆ: ಮಾದರಿ ಹೇಳಿದ್ದು ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ. ಇಳಿಕೆಯನ್ನು ಹಿಂಬಾಲಿಸುತ್ತಾರೆ ಎಂಬುದು ಎರಡು ಸಲವೂ ಹೊಂದಿತು. ಏರಿಕೆಯನ್ನು ಹಿಂಬಾಲಿಸುವುದಿಲ್ಲ ಎಂಬುದು ಮೂವರ ನಡುವೆ ಎರಡು ಸಲವೂ ಹೊಂದಲಿಲ್ಲ. ಅಷ್ಟರಲ್ಲಿ ಒಬ್ಬ ಕೈ ಎತ್ತಿದ: "ಮೇಡಂ, ಹತ್ತು ಸೆಂಟಿನವರು ಹಿಂಬಾಲಿಸಲಿಲ್ವಲ್ಲ, ಹಾಗಾದ್ರೆ ಅವರ ಮಟ್ಟಿಗೆ ಹೊಂದಿತು." ಅವನ ಮಾತನ್ನು ಮೊದಲ ಕಂಬದಲ್ಲೇ ಬರೆಸಿದೆ. ಹಿಂಬಾಲಿಸದವರು ಇದ್ದ ಕಡೆ ಮಾರಾಟ ನಿಜಕ್ಕೂ ಅತ್ತ ಸರಿಯಿತು. ಹಾಗಾಗಿ ಕೊಂಕು ಇದೆಯೋ ಇಲ್ಲವೋ ಎಂಬುದು ಸಂಸ್ಥೆಗಳ ಸಂಖ್ಯೆಯಿಂದ ತೀರ್ಮಾನವಾಗುವುದಿಲ್ಲ. ಯಾರು ಯಾರನ್ನು ಹಿಂಬಾಲಿಸುತ್ತಾರೆ ಎಂಬುದರಿಂದ ತೀರ್ಮಾನವಾಗುತ್ತದೆ. ಒಬ್ಬ ಮುಂದಾಳು ಏರಿಸಿದರೆ ಉಳಿದವರು ಏರಿಸುತ್ತಾರೆ ಎಂಬ ರೂಢಿ ಇರುವ ಕಡೆ, ಅದು ಬಹಿರಂಗ ನಾಯಕತ್ವವಾಗಿರಲಿ, ಒಳ ಒಪ್ಪಂದವಾಗಿರಲಿ, ಮೂಲೆ ಮಾಯವಾಗುತ್ತದೆ. ಸಿಗರೇಟು ಕಂಪನಿಗಳ ವಿಷಯದಲ್ಲಿ ಈ ಒಗ್ಗಟ್ಟನ್ನು ಕೋರ್ಟ್ ಅಪರಾಧವೆಂದೇ ಎತ್ತಿಹಿಡಿಯಿತು.

ಕಿರಾಣಿ ಅಂಗಡಿಯ ಹುಡುಗ ಮತ್ತೆ ಮಾತಾಡಿದ. "ನಿನ್ನೆ ಒಂದು ಹೇಳಲಿಲ್ಲ ಮೇಡಂ. ಸಗಟು ವ್ಯಾಪಾರಿ ಹತ್ರಾನೇ ಏರಿದ್ರೆ ಎದುರಿನವರು ಏರಿಸಿದ ದಿನಾನೇ ನಾವೂ ಏರಿಸ್ತೀವಿ." ಇದು ಮಾದರಿಯ ಇನ್ನೊಂದು ಮಿತಿ. ಮೊದಲ ದಿನದ ಲೆಕ್ಕದಲ್ಲಿ ವೆಚ್ಚ ಏರಿದ್ದು ಒಂದೇ ಸಂಸ್ಥೆಗೆ. ಕಚ್ಚಾವಸ್ತುವಿನ ಬೆಲೆ ಅಥವಾ ತೆರಿಗೆ ಎಲ್ಲರಿಗೂ ಒಟ್ಟಿಗೆ ಏರಿದರೆ, ಉಳಿದವರೂ ಏರಿಸುತ್ತಾರೆ ಎಂದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಆಗ ಏರಿಸಿದವನು ಗಿರಾಕಿ ಕಳೆದುಕೊಳ್ಳುವ ಭಯ ಇಲ್ಲ. ಮಾದರಿಯ ಬಿಗಿತವನ್ನು ನಿರೀಕ್ಷಿಸಬಹುದಾದದ್ದು ಒಬ್ಬನ ವೆಚ್ಚ ಮಾತ್ರ ಬದಲಾದಾಗ. ಈ ಮಿತಿಯನ್ನು ಟಿಪ್ಪಣಿಯಲ್ಲಿ ಅವನ ಮಾತಿನಲ್ಲೇ ಬರೆಸಿದೆ.

ಕೊನೆಯ ಟೀಕೆ ಸ್ಟಿಗ್ಲರ್ ಅವರ ಇನ್ನೊಂದು ಹೋಲಿಕೆ. ಬೆಲೆ ಬಿಗಿತಕ್ಕೆ ಕೊಂಕೇ ಕಾರಣವಾಗಿದ್ದರೆ, ಪ್ರತಿಸ್ಪರ್ಧಿಯೇ ಇಲ್ಲದ ಏಕಸ್ವಾಮ್ಯದಲ್ಲಿ ಕೊಂಕಿಗೆ ಜಾಗವಿಲ್ಲ. ಅಲ್ಲಿ ಬೆಲೆ ಹೆಚ್ಚು ಸಲ ಬದಲಾಗಬೇಕು. ಆಗ ಅಮೆರಿಕದಲ್ಲಿ ಅಲ್ಯುಮಿನಿಯಂ ಮತ್ತು ನಿಕಲ್ ಏಕಸ್ವಾಮ್ಯದಲ್ಲಿದ್ದವು. ಅವುಗಳ ಬೆಲೆಗಳು ಅಲ್ಪಸ್ವಾಮ್ಯದ ಸರಕುಗಳಿಗಿಂತಲೂ ಬಿಗಿಯಾಗಿದ್ದವು. ಬಿಗಿತ ಇದೆ, ಕೊಂಕು ಇಲ್ಲ. ಹಾಗಾದರೆ ಬಿಗಿತವನ್ನು ಕಂಡ ಕೂಡಲೇ ಕೊಂಕು ಇದೆ ಎನ್ನಲಾಗದು. ಬೆಲೆಪಟ್ಟಿ ಬದಲಿಸುವುದಕ್ಕೆ ತಗಲುವ ಖರ್ಚು, ಹಳೆಯ ಗಿರಾಕಿ ಮುನಿಸಿಕೊಂಡಾನೆಂಬ ಅಳುಕು, ದೀರ್ಘ ಒಪ್ಪಂದಗಳು, ಇವೂ ಬೆಲೆಯನ್ನು ಹಿಡಿದಿಡಬಲ್ಲವು. ಕೆಲವೊಮ್ಮೆ ಪಟ್ಟಿಯಲ್ಲಿರುವ ಬೆಲೆ ಕದಲದೆ ಇದ್ದು, ಒಳಗೊಳಗೇ ಕೊಡುವ ರಿಯಾಯಿತಿಯಲ್ಲಿ ನಿಜವಾದ ಬೆಲೆ ಬದಲಾಗುತ್ತಿರುತ್ತದೆ. ಬಿಗಿತವನ್ನು ಅಳೆಯಲು ಹೊರಟವರು ಯಾವ ಬೆಲೆಯನ್ನು ನೋಡುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕು.

ಇಷ್ಟೆಲ್ಲ ಟೀಕೆಯ ಮೇಲೂ ಈ ಮಾದರಿಯನ್ನು ಪಾಠದಿಂದ ತೆಗೆಯಬೇಕು ಎಂದು ನಾನು ಹೇಳುವುದಿಲ್ಲ. ಅಲನ್ ಬ್ಲೈಂಡರ್ ಮತ್ತು ಸಂಗಡಿಗರು ಅಮೆರಿಕದ ಸುಮಾರು 200 ಸಂಸ್ಥೆಗಳನ್ನು ಸಂದರ್ಶಿಸಿ 1998ರಲ್ಲಿ ಪುಸ್ತಕ ಪ್ರಕಟಿಸಿದರು. ಬೆಲೆ ಬಿಗಿತಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ಹನ್ನೆರಡು ವಿವರಣೆಗಳನ್ನು ಮುಂದಿಟ್ಟಾಗ, ಉದ್ಯಮಿಗಳು ಹೆಚ್ಚು ಒಪ್ಪಿದ್ದು 'ಬೇರೆಯವರು ಮೊದಲು ಬದಲಿಸಲಿ ಎಂದು ಕಾಯುತ್ತೇವೆ' ಎಂಬುದನ್ನು. ಅದು ಕೊಂಕಿದ ರೇಖೆಯ ಗಣಿತವನ್ನು ಸಾಬೀತು ಮಾಡುವುದಿಲ್ಲ. ಆದರೆ ಅದರ ಹಿಂದಿನ ಅಳುಕು ಪೊಳ್ಳಲ್ಲ ಎಂದು ತೋರಿಸುತ್ತದೆ. ಒಬ್ಬನೇ ಮುಂದೆ ಹೋಗುವ ಭಯಕ್ಕೆ ಈ ಚಿತ್ರ ಒಳ್ಳೆಯ ರೂಪ ಕೊಡುತ್ತದೆ.

ವಾರದ ನಂತರ ಮಾರ್ಗದರ್ಶಕ ಉಪನ್ಯಾಸಕರು ಕಿರುಪರೀಕ್ಷೆ ಕೊಟ್ಟರು. ಒಂದು ಪ್ರಶ್ನೆ ಅವರದು: ಕೊಂಕಿದ ಬೇಡಿಕೆ ರೇಖೆಯ ಮೂಲಕ ಬೆಲೆ ಬಿಗಿತವನ್ನು ಚಿತ್ರಸಹಿತ ವಿವರಿಸಿ. ಇನ್ನೊಂದು ನನ್ನದು: ಒಂದು ಅಲ್ಪಸ್ವಾಮ್ಯ ಮಾರುಕಟ್ಟೆಯಲ್ಲಿ ಬೆಲೆ ಐದು ವರ್ಷ ಬದಲಾಗಿಲ್ಲ, ಇದಕ್ಕೆ ಕೊಂಕೇ ಕಾರಣ ಎನ್ನುವ ಮೊದಲು ನೀವು ಯಾವ ಸಂಗತಿಗಳನ್ನು ವಿಚಾರಿಸುತ್ತೀರಿ? ಮೊದಲ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಚಿತ್ರ ಸರಿಯಾಗಿ ಬರೆದಿದ್ದರು. ಸೀಮಾಂತ ಆದಾಯದ ಬಿರುಕನ್ನು ಮೂಲೆಯ ನೇರ ಕೆಳಗೆ ಬರೆಯುವುದನ್ನು ಬಹಳ ಮಂದಿ ಮರೆಯುತ್ತಾರೆ ಎಂದು ಉಪನ್ಯಾಸಕರು ಎಚ್ಚರಿಸಿದ್ದರು. ನೂರರಲ್ಲಿ ಹದಿನೈದರಿಂದ ಐದು ಎಂದು ಲೆಕ್ಕ ಹಾಕಿದ್ದ ಮಕ್ಕಳು ಅದನ್ನು ತಪ್ಪಿಸಲಿಲ್ಲ. ಎರಡನೇ ಪ್ರಶ್ನೆಗೆ ಉತ್ತರಗಳು ಚಿಕ್ಕವು, ಆದರೆ ಬಾಯಿಪಾಠದವಲ್ಲ. ಒಬ್ಬರು ಏರಿಸಿದಾಗ ಉಳಿದವರು ಏನು ಮಾಡಿದರು ಎಂದು ದಿನಾಂಕ ಸಹಿತ ನೋಡುತ್ತೇನೆ ಎಂದು ಹಲವರು ಬರೆದಿದ್ದರು. ವೆಚ್ಚ ಎಲ್ಲರಿಗೂ ಏರಿತೋ ಒಬ್ಬರಿಗೋ ಎಂದು ಕೇಳುತ್ತೇನೆ ಎಂದವರಿದ್ದರು. ಒಬ್ಬಳು ಒಂದೇ ಸಾಲು ಬರೆದಿದ್ದಳು: 'ಬೆಲೆ ಐದು ವರ್ಷ ನಿಂತದ್ದು ಕೊಂಕಿಗೆ ಸಾಕ್ಷಿಯಲ್ಲ, ಏರಿಸಿದವನು ಗಿರಾಕಿ ಕಳೆದುಕೊಂಡದ್ದು ಸಾಕ್ಷಿ.'

ಉಪನ್ಯಾಸಕರು ಆ ಸಾಲಿನ ಪಕ್ಕ ಸರಿ ಗುರುತು ಹಾಕಿ ಉತ್ತರಪತ್ರಿಕೆಯನ್ನು ನನಗೆ ತೋರಿಸಿದರು. "ಮೊದಲನೇ ಪ್ರಶ್ನೆಗೂ ಅಂಕ ಕಮ್ಮಿಯಾಗಿಲ್ಲ, ಸರಿ. ಆದರೆ ಇದು ಎರಡು ಅವಧಿಯ ಪಾಠ. ಒಂದೇ ಅವಧಿ ಇದ್ದರೆ ಏನು ಬಿಡ್ತೀರಿ?" ಎಂದು ಕೇಳಿದರು. ಇದನ್ನು ಓದುವ ಸಹಪ್ರಶಿಕ್ಷಣಾರ್ಥಿಗಳಿಗೂ ಆ ಪ್ರಶ್ನೆ ಎದುರಾಗುತ್ತದೆ. ನನ್ನ ಉತ್ತರ ಇದು: ಸಮೀಕರಣಗಳನ್ನು ಬಿಡಬಹುದು, ಸ್ಥಿತಿಸ್ಥಾಪಕತ್ವದ ಲೆಕ್ಕವನ್ನು ಬಿಡಬಹುದು, ಇತಿಹಾಸದ ಹೆಸರುಗಳನ್ನೂ ಬಿಡಬಹುದು. 90, 100, 110 ಎಂಬ ಮೂರು ಸಾಲಿನ ಲೆಕ್ಕವನ್ನೂ 1931ರ ಜೂನ್ 23ರ ಆ ಒಂದು ದಿನವನ್ನೂ ಬಿಡಬಾರದು. ಬೆಲೆ ಏಕೆ ನಿಲ್ಲಬಹುದು ಎಂದು ಮೊದಲನೆಯದು ತೋರಿಸುತ್ತದೆ. ಆ ಕಾರಣ ಕೆಲಸ ಮಾಡದೆ ಹೋಗುವುದು ಯಾವಾಗ ಎಂದು ಎರಡನೆಯದು ತೋರಿಸುತ್ತದೆ. ಎರಡನ್ನೂ ಹೇಳಲು ನಲವತ್ತೈದು ನಿಮಿಷ ಸಾಲುತ್ತದೆ.